ಒಂದು ಪ್ರಶ್ನೆಗೆ 30 ಸೆಕೆಂಡು: ಲರ್ನಿಂಗ್ ಲೈಸೆನ್ಸಿನ ಕಂಪ್ಯೂಟರ್ ಪರೀಕ್ಷೆಗೆ ಹೆದರುವವರಿಗೆ

ಚೆಂಬೂರಿನ ಒಂದು ಮೋಟಾರ್ ಟ್ರೇನಿಂಗ್ ಸ್ಕೂಲಿನಲ್ಲಿ ನಾನು ಥಿಯರಿ ಹೇಳಿಕೊಡುತ್ತೇನೆ. ಲರ್ನಿಂಗ್ ಲೈಸೆನ್ಸಿನ ಪರೀಕ್ಷೆಯಲ್ಲಿ ಫೇಲಾಗಿ ನನ್ನ ಹತ್ತಿರ ಬರುವವರನ್ನು ಕೂರಿಸಿ ಅದೇ ಪ್ರಶ್ನೆ ಕೇಳಿದರೆ ಮುಕ್ಕಾಲು ಪಾಲು ಮಂದಿ ಸರಿಯಾಗಿಯೇ ಹೇಳುತ್ತಾರೆ. ಹಾಗಾದರೆ ಅಲ್ಲಿ ಯಾಕೆ ಬರಲಿಲ್ಲ ಎಂದರೆ, "ಟೈಮ್ ಓಡ್ತಾ ಇತ್ತು ಮಾಸ್ಟ್ರೆ, ತಲೆ ಖಾಲಿಯಾಯ್ತು" ಎನ್ನುತ್ತಾರೆ. ಇವರಿಗೆ ಇನ್ನೊಮ್ಮೆ ಪುಸ್ತಕ ಓದಿಸಿ ಉಪಯೋಗವಿಲ್ಲ. ಆ ಗಡಿಯಾರದ ಎದುರು ಕೂರುವುದನ್ನು ರೂಢಿ ಮಾಡಿಸಬೇಕು. ಈ ಲೇಖನ ಅಷ್ಟಕ್ಕೇ ಮೀಸಲು.

ಮೊದಲು ಪರೀಕ್ಷೆಯ ಆಕಾರ ನೋಡೋಣ. ಮಹಾರಾಷ್ಟ್ರದಲ್ಲಿ 15 ಪ್ರಶ್ನೆಗಳು, ಒಂದೊಂದಕ್ಕೂ 30 ಸೆಕೆಂಡು, ಪಾಸಾಗಲು 9 ಸರಿಯಿರಬೇಕು. ಶೇ. 60 ಎಂಬ ಈ ಲೆಕ್ಕ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೇ ನಿಯಮದಲ್ಲಿದೆ. ಎಲ್ಲ ಸೇರಿದರೂ ಏಳೂವರೆ ನಿಮಿಷ ದಾಟುವುದಿಲ್ಲ. ಪ್ರಶ್ನೆಯ ಜೊತೆ ಕೆಲವು ಉತ್ತರಗಳು ಪರದೆಯಲ್ಲಿ ಬರುತ್ತವೆ, ಒಂದನ್ನು ಆರಿಸಬೇಕು. ಸಮಯ ಮುಗಿದರೆ ಪ್ರಶ್ನೆ ತಾನೇ ಹೋಗಿ ಮುಂದಿನದು ಬರುತ್ತದೆ. ಶಾಲೆಯ ಪರೀಕ್ಷೆಯಲ್ಲಿ ಗೊತ್ತಿಲ್ಲದ್ದನ್ನು ಬಿಟ್ಟು ಕೊನೆಗೆ ತಿರುಗಿ ನೋಡುವ ಅಭ್ಯಾಸ ನಮಗೆಲ್ಲ ಇದೆ. ಇಲ್ಲಿ ಅದು ನಡೆಯುವುದಿಲ್ಲ. ಹೆದರಿಕೆ ಹುಟ್ಟುವುದು ಹೆಚ್ಚಾಗಿ ಈ ಒಂದು ಕಾರಣಕ್ಕೆ.

ನನ್ನ ಹತ್ತಿರ ಬಂದ ಒಬ್ಬರ ಕತೆಯನ್ನೇ ಹಿಡಿದು ಹೇಳುತ್ತೇನೆ. ಕುಂದಾಪುರ ಕಡೆಯವರು, ವಯಸ್ಸು ಐವತ್ತರ ಹತ್ತಿರ, ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಎಂಟು ಜನ ಬಿಲ್ಲು ಹಿಡಿದು ನಿಂತರೂ ಬಾಯಲ್ಲೇ ಲೆಕ್ಕ ಹಾಕಿ ಚಿಲ್ಲರೆ ಕೊಡುವ ಶೆಟ್ರು ಅವರು. ವಡಾಳಾ ಆರ್‌ಟಿಒದಲ್ಲಿ ಪರೀಕ್ಷೆಗೆ ಕೂತಾಗ 15ರಲ್ಲಿ 7 ಬಂತು. ಏನಾಯಿತು ಎಂದು ಬಿಡಿಸಿ ಕೇಳಿದೆ. ಮೊದಲ ಮೂರು ಪ್ರಶ್ನೆ ಸಲೀಸಾಗಿ ಹೋಯಿತಂತೆ. ನಾಲ್ಕನೆಯದಕ್ಕೆ ಉತ್ತರ ಒತ್ತುವ ಮೊದಲೇ ಸಮಯ ಮುಗಿದು ಪ್ರಶ್ನೆ ಮಾಯವಾಯಿತು. "ಛೆ, ಗೊತ್ತಿದ್ದದ್ದೇ ಹೋಯ್ತಲ್ಲ" ಎಂದು ಅದರ ಹಿಂದೆಯೇ ಮನಸ್ಸು ಓಡಿತು. ಐದು, ಆರು, ಏಳನೆಯದರಲ್ಲಿ ಕಣ್ಣು ಪರದೆಯ ಮೇಲಿದ್ದರೂ ಓದಿದ್ದು ತಲೆಗೆ ಇಳಿಯಲಿಲ್ಲ.

ಅಭ್ಯಾಸ ಹೇಗೆ ಮಾಡಿದ್ದಿರಿ ಎಂದು ಕೇಳಿದ್ದಕ್ಕೆ ಬಂದ ಉತ್ತರದಲ್ಲಿ ಕಾರಣ ಸಿಕ್ಕಿತು. ರಾತ್ರಿ ಹೋಟೆಲು ಮುಚ್ಚಿ ರೂಮಿಗೆ ಹೋಗಿ, ಮಲಗಿಕೊಂಡು, ಮೊಬೈಲಿನಲ್ಲಿ ಪ್ರಶ್ನೋತ್ತರ ಓದುತ್ತಿದ್ದರು. ಗಡಿಯಾರವಿಲ್ಲ, ಮೌಸಿಲ್ಲ, ಬೆನ್ನ ಹಿಂದೆ ಯಾರೂ ಇಲ್ಲ. ಉತ್ತರ ಕೆಳಗೇ ಬರೆದಿರುತ್ತದೆ, ನೋಡಿ "ಹೌದು ಹೌದು" ಎನ್ನುವುದು. ಪರೀಕ್ಷೆಯ ದಿನ ಕೂತದ್ದು ಕುರ್ಚಿಯಲ್ಲಿ, ಎದುರಿಗೆ ಹಳೆಯ ಮಾನಿಟರು, ಪಕ್ಕದಲ್ಲಿ ಬೇರೆಯವರು, ಪರದೆಯಲ್ಲಿ ಇಳಿಯುತ್ತಿರುವ ಸೆಕೆಂಡು. ಇಷ್ಟೂ ಹೊಸತು. ಓದಿದ್ದು ಮಾತ್ರ ಹಳೆಯದು.

ಮೊದಲನೆಯ ಕೆಲಸ: ಅಭ್ಯಾಸವನ್ನು ಪರೀಕ್ಷೆಯ ಹಾಗೆ ಮಾಡುವುದು

ಒಂದು ವಾರ ಇಟ್ಟುಕೊಳ್ಳಿ. ಮೊದಲ ಎರಡು ದಿನ ಗಡಿಯಾರ ಬೇಡ. ಚಿಹ್ನೆಗಳನ್ನು ಆಕಾರದ ಪ್ರಕಾರ ಗುಂಪು ಮಾಡಿ ಕಲಿಯಿರಿ. ಕೆಂಪು ಅಂಚಿನ ವೃತ್ತ ಸಾಮಾನ್ಯವಾಗಿ "ಮಾಡಬೇಡ" ಎನ್ನುತ್ತದೆ, ನೀಲಿ ವೃತ್ತದಲ್ಲಿ ಬಿಳಿ ಬಾಣವಿದ್ದರೆ "ಹೀಗೇ ಹೋಗು". ಕೆಂಪು ಅಂಚಿನ ತ್ರಿಕೋನ ಮುಂದೇನಿದೆ ಎಂದು ಎಚ್ಚರಿಸುತ್ತದೆ, ಆಯತ ಮಾಹಿತಿ ಕೊಡುತ್ತದೆ. ಎಂಟು ಮೂಲೆಯದು ನಿಲ್ಲಿಸಲಿಕ್ಕೆ, ತಲೆಕೆಳಗಾದ ತ್ರಿಕೋನ ದಾರಿ ಬಿಡಲಿಕ್ಕೆ. ಗಾಬರಿಯಲ್ಲಿ ಚಿತ್ರದ ಒಳಗಿನ ಸಣ್ಣ ಗೆರೆಗಳು ಕಾಣದೇ ಹೋಗಬಹುದು. ಆಕಾರ ಮತ್ತು ಬಣ್ಣ ಮಾತ್ರ ಆಗಲೂ ಕಣ್ಣಿಗೆ ಬೀಳುತ್ತವೆ. ಅದಕ್ಕೇ ಈ ಕ್ರಮ.

ಮೂರನೆಯ ದಿನದಿಂದ ಗಡಿಯಾರವಿಲ್ಲದೆ ಒಂದು ಪ್ರಶ್ನೆಯನ್ನೂ ನೋಡಬೇಡಿ. sarathi.parivahan.gov.in ತಾಣದಲ್ಲಿ ಲರ್ನಿಂಗ್ ಲೈಸೆನ್ಸಿನ ಅಡಿಯಲ್ಲಿ Mock Test ಎಂಬುದಿದೆ, ಪುಕ್ಕಟೆ. ಅದನ್ನು ಮೊಬೈಲಿನಲ್ಲಿ ಮಾಡಬೇಡಿ, ಕಂಪ್ಯೂಟರಿನಲ್ಲಿ ಮಾಡಿ. ಮನೆಯಲ್ಲಿ ಇಲ್ಲವೆಂದರೆ ಮಕ್ಕಳ ಲ್ಯಾಪ್‌ಟಾಪಿಗೆ ಒಂದು ಮೌಸ್ ಸಿಕ್ಕಿಸಿಕೊಳ್ಳಿ, ಅದೂ ಇಲ್ಲದಿದ್ದರೆ ಸೈಬರ್ ಕೆಫೆಗೆ ಹೋಗಿ. ಮೌಸಿನ ಬಾಣವನ್ನು ಸಣ್ಣ ಗುಂಡಿಯ ಮೇಲೆ ನಿಲ್ಲಿಸಿ ಒತ್ತುವುದು ದಿನವೂ ಮಾಡುವವರಿಗೆ ಏನೂ ಅಲ್ಲ. ಮೊಬೈಲಿನಲ್ಲೇ ಎಲ್ಲ ಮಾಡುವವರಿಗೆ ಅದೇ ನಾಲ್ಕೈದು ಸೆಕೆಂಡು ತಿನ್ನುತ್ತದೆ, ಕೈ ನಡುಗಿದರೆ ಇನ್ನೂ ಹೆಚ್ಚು. ನಮ್ಮ ಶೆಟ್ರಿಗೆ ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರೇ ಇತ್ತು. ಮಧ್ಯಾಹ್ನ ಮೂರೂವರೆಗೆ ಊಟದ ಗಿರಾಕಿ ಮುಗಿದು ಸಂಜೆಯ ಟೀ ಶುರುವಾಗುವ ಮೊದಲಿನ ಹೊತ್ತಿನಲ್ಲಿ ಅಲ್ಲೇ ಕೂರಿಸಿದೆ.

ಪರೀಕ್ಷೆಗೆ ಯಾವ ಭಾಷೆ ಆರಿಸುತ್ತೀರೋ ಅದರಲ್ಲೇ ಅಭ್ಯಾಸವಿರಲಿ. ಇಲ್ಲಿಯ ನಮ್ಮವರು ಮರಾಠಿಯಲ್ಲಿ ವ್ಯಾಪಾರ ಮಾಡುತ್ತಾರೆ, ಹಿಂದಿಯಲ್ಲಿ ಜಗಳವಾಡುತ್ತಾರೆ, ಕನ್ನಡದಲ್ಲಿ ಓದುತ್ತಾರೆ. ಆದರೆ ಆಡುವ ಭಾಷೆಯನ್ನು 30 ಸೆಕೆಂಡಿನಲ್ಲಿ ಓದುವುದು ಬೇರೆ ಮಾತು. ಆಯ್ಕೆಗೆ ಮೊದಲು ಒಂದು ಪರೀಕ್ಷೆ ಮಾಡಿ: ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಐದೈದು ಪ್ರಶ್ನೆ ತೆಗೆದುಕೊಂಡು, ಓದಿ ಮುಗಿಸಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿ. ಪ್ರಶ್ನೆ ಮತ್ತು ಉತ್ತರಗಳನ್ನು ಸೇರಿಸಿ 15 ಸೆಕೆಂಡಿನೊಳಗೆ ಓದಲಾಗುವ ಭಾಷೆ ನಿಮ್ಮದು. ಪ್ರತಿಷ್ಠೆಗಾಗಿ ಇಂಗ್ಲಿಷ್ ಆರಿಸಿ ಒದ್ದಾಡಿದವರನ್ನು ಕಂಡಿದ್ದೇನೆ. ಲೈಸೆನ್ಸಿನ ಮೇಲೆ ನೀವು ಯಾವ ಭಾಷೆಯಲ್ಲಿ ಬರೆದಿರೆಂದು ಯಾರೂ ಅಚ್ಚು ಹಾಕುವುದಿಲ್ಲ.

ನಾಲ್ಕನೆಯ ದಿನದಿಂದ ಗದ್ದಲ ಸೇರಿಸಿ. ಶೆಟ್ರ ಹಿಂದೆ ಇಬ್ಬರು ಹುಡುಗರನ್ನು ನಿಲ್ಲಿಸಿ, ಮಾತಾಡುತ್ತಲೇ ಇರಿ ಎಂದೆ. ಮೊದಲ ದಿನ ಅವರು ತಿರುಗಿ ತಿರುಗಿ ಬೈದರು, ಮೂರನೆಯ ದಿನ ಹುಡುಗರು ಇದ್ದದ್ದೇ ಅವರಿಗೆ ಗೊತ್ತಾಗಲಿಲ್ಲ. ಮೊಬೈಲು ಆಫ್ ಮಾಡಿ ಚೀಲದಲ್ಲಿರಲಿ. ಎದುರಿಗೆ ಟೀ ಇಲ್ಲ. ಒಮ್ಮೆ ಶುರು ಮಾಡಿದರೆ 15ನೆಯ ಪ್ರಶ್ನೆಯವರೆಗೆ ಏಳುವಂತಿಲ್ಲ, ನಡುವೆ ಉತ್ತರ ಸರಿಯೋ ತಪ್ಪೋ ಎಂದು ಪುಸ್ತಕ ತೆರೆಯುವಂತಿಲ್ಲ.

ಪರಿಸರ ಹೀಗೆ ಹೊಂದಿಸುವುದಕ್ಕೆ ಆಧಾರವಾಗಿ 1975ರ ಒಂದು ಪ್ರಯೋಗವನ್ನು ಹೇಳುವುದುಂಟು. ಗಾಡನ್ ಮತ್ತು ಬ್ಯಾಡ್ಲಿ ಎಂಬ ಸಂಶೋಧಕರು ಮುಳುಗುಗಾರರಿಗೆ ನೀರಿನಡಿಯಲ್ಲೂ ದಡದ ಮೇಲೂ ಪದಗಳನ್ನು ಕಲಿಸಿದರು. ಕಲಿತ ಜಾಗದಲ್ಲೇ ಕೇಳಿದಾಗ ಹೆಚ್ಚು ಪದ ನೆನಪಾದವು. ಈಚೆಗೆ ಅದನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲ ಬರಲಿಲ್ಲ, ಆದ್ದರಿಂದ ನಾನು ಅದರ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ. ನನ್ನ ಅನುಭವದಲ್ಲಿ ಲಾಭ ಬೇರೆ ಕಡೆಯಿಂದ ಬರುತ್ತದೆ. ಕುರ್ಚಿ, ಮೌಸು, ಇಳಿಯುವ ಸೆಕೆಂಡು, ಬೆನ್ನ ಹಿಂದಿನ ಮಾತು ಇವೆಲ್ಲ ಮೊದಲೇ ಪರಿಚಯವಾಗಿದ್ದರೆ ಪರೀಕ್ಷೆಯ ದಿನ ಗಮನ ಸೆಳೆಯುವುದಿಲ್ಲ, ಇರುವ ಗಮನವೆಲ್ಲ ಪ್ರಶ್ನೆಗೆ ಸಿಗುತ್ತದೆ.

ಐದನೆಯ ದಿನ ಒಂದು ವಿಚಿತ್ರ ಪಾಠ. ಯಾವುದಾದರೂ ಒಂದು ಪ್ರಶ್ನೆಯನ್ನು, ಉತ್ತರ ಗೊತ್ತಿದ್ದೂ, ಬೇಕೆಂದೇ ಕೈ ಕಟ್ಟಿ ಕೂತು ಬಿಡಿ. 30 ಸೆಕೆಂಡು ಪೂರ್ತಿ ಇಳಿಯಲಿ, ಪ್ರಶ್ನೆ ಹೋಗಲಿ, ಮುಂದಿನದನ್ನು ಎತ್ತಿಕೊಳ್ಳಿ. ಶೆಟ್ರಿಗೆ ಇದು ಗಲ್ಲಾದಲ್ಲಿ ದುಡ್ಡು ಕಡಿಮೆ ಬಂದ ಹಾಗೆ ಹಿಂಸೆಯಾಯಿತು. ಆದರೆ ಅವರನ್ನು ಬೀಳಿಸಿದ್ದು ಇದೇ ಘಟನೆಯಲ್ಲವೇ? ಆರು ಪ್ರಶ್ನೆ ಹೋದರೂ ಪಾಸು ಎಂಬುದು ಲೆಕ್ಕದಲ್ಲಿ ಎಲ್ಲರಿಗೂ ಗೊತ್ತು, ಮೈಗೆ ಗೊತ್ತಿರುವುದಿಲ್ಲ. ಹೀಗೆ ನಾಲ್ಕಾರು ಬಾರಿ ಬೇಕೆಂದೇ ಕಳೆದುಕೊಂಡು, ಆಮೇಲೂ ಹನ್ನೊಂದು ಹನ್ನೆರಡು ಬಂದದ್ದನ್ನು ನೋಡಿದ ಮೇಲೆ ಪರೀಕ್ಷೆಯಲ್ಲಿ ಒಂದು ತಪ್ಪಿದರೆ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ. ನಾನು ಹೇಳಿಕೊಡುವುದರಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ.

ಉಳಿದ ದಿನಗಳಲ್ಲಿ ದಿನಕ್ಕೆ ಎರಡು ಪೂರ್ತಿ ಸುತ್ತು ಸಾಕು. ಇದ್ದಕ್ಕಿದ್ದಂತೆ ಹತ್ತು ಸುತ್ತು ಹೊಡೆದರೆ ಪ್ರಶ್ನೆ ಓದುವುದು ಬಿಟ್ಟು ಉತ್ತರದ ಜಾಗ ನೆನಪಿಡಲು ಶುರು ಮಾಡುತ್ತೀರಿ.

ಎರಡನೆಯದು: ಉಸಿರು

ಬೆನ್ನು ನೇರ ಮಾಡಿ ಕುರ್ಚಿಯಲ್ಲಿ ಕೂತುಕೊಳ್ಳಿ, ಎರಡೂ ಪಾದ ನೆಲಕ್ಕೆ ತಾಗಿರಲಿ, ಒಂದು ಕೈ ಹೊಟ್ಟೆಯ ಮೇಲಿರಲಿ. ಮೂಗಿನಿಂದ ಒಳಗೆ, ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು. ತುಟಿಯನ್ನು ತುಸು ತೆರೆದು, ಬಿಸಿ ಟೀ ಆರಿಸುವಷ್ಟು ಮೆಲ್ಲಗೆ ಹೊರಗೆ, ಆರು ಎಣಿಸುವಷ್ಟು ಹೊತ್ತು. ನಡುವೆ ಬಿಗಿ ಹಿಡಿಯುವುದು ಬೇಡ. ಒಂದು ಸುತ್ತಿಗೆ ಹತ್ತು ಸೆಕೆಂಡು, ನಿಮಿಷಕ್ಕೆ ಆರು ಉಸಿರು. ಮೂರು ನಿಮಿಷ ಮಾಡಿದರೆ ಹದಿನೆಂಟು. ಅಷ್ಟೇ.

ಉಸಿರು ಬಿಡುವುದನ್ನೇ ಉದ್ದ ಮಾಡುವುದಕ್ಕೆ ಕಾರಣವಿದೆ, ನಿಮ್ಮ ಕೈಯಲ್ಲೇ ಅದನ್ನು ನೋಡಬಹುದು. ಎಡ ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಬಲಗೈಯ ಎರಡು ಬೆರಳು ಇಟ್ಟು ನಾಡಿ ಹಿಡಿಯಿರಿ. ಉಸಿರು ಒಳಗೆ ಎಳೆಯುವಾಗ ಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ಬಡಿತಗಳ ನಡುವಿನ ಅಂತರ ಹಿಗ್ಗುತ್ತದೆ. ಹೃದಯವನ್ನು ನಿಧಾನಿಸುವ ವೇಗಸ್ ನರದ ಹಿಡಿತ ಉಸಿರು ಬಿಡುವಾಗ ಹೆಚ್ಚುತ್ತದೆ, ಅದಕ್ಕೇ ಹೀಗೆ. ಎಲ್ಲರಿಗೂ ಒಂದೇ ಸ್ಪಷ್ಟತೆಯಲ್ಲಿ ತಿಳಿಯುವುದಿಲ್ಲ, ವಯಸ್ಸಾದಂತೆ ಈ ವ್ಯತ್ಯಾಸ ಕಡಿಮೆಯಾಗುತ್ತದೆ. ಗೊತ್ತಾಗದಿದ್ದರೆ ಚಿಂತೆ ಬೇಡ, ಎಣಿಕೆ ಮುಂದುವರಿಸಿ.

ಜನ ಮಾಡುವ ತಪ್ಪೊಂದಿದೆ. "ಡೀಪ್ ಬ್ರೀದ್ ತಗೊಳ್ಳಿ" ಎಂದು ಯಾರೋ ಹೇಳಿರುತ್ತಾರೆ, ಇವರು ಎದೆ ಉಬ್ಬಿಸಿ ದೊಡ್ಡ ದೊಡ್ಡ ಉಸಿರು ಬೇಗ ಬೇಗ ಎಳೆಯುತ್ತಾರೆ. ಹಾಗೆ ಮಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಕಡಿಮೆಯಾಗುತ್ತದೆ. ತಲೆ ಹಗುರಾಗಿ ತಿರುಗಿದಂತಾಗುವುದು, ಬೆರಳ ತುದಿ ಮತ್ತು ತುಟಿಯ ಸುತ್ತ ಜುಮ್ಮೆನ್ನುವುದು ಇದರ ಗುರುತು. ಹೆದರಿಕೆ ಏರುತ್ತಿದೆ ಎಂದು ತಿಳಿದು ಇನ್ನೂ ಜೋರಾಗಿ ಎಳೆಯುತ್ತಾರೆ. ಜುಮ್ಮೆಂದರೆ ಎಣಿಕೆ ನಿಲ್ಲಿಸಿ, ಬಾಯಿ ಮುಚ್ಚಿ, ಮೂಗಿನಿಂದ ಸಣ್ಣ ಸಾಮಾನ್ಯ ಉಸಿರಾಟಕ್ಕೆ ಬನ್ನಿ. ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ನಾಲ್ಕು-ಆರು ಉದ್ದವೆನಿಸಿದರೆ ಮೂರು-ನಾಲ್ಕು ಮಾಡಿ. ಆಸ್ತಮಾ ಇರುವವರು, ಬಸುರಿಯರು ಬಲವಂತವಾಗಿ ಉದ್ದ ಮಾಡಲು ಹೋಗಬಾರದು, ಹಾಯೆನಿಸುವಷ್ಟೇ ಸಾಕು.

ಇದನ್ನು ಪರೀಕ್ಷೆಯ ದಿನ ಮೊದಲ ಸಲ ಮಾಡಿದರೆ ಕೆಲಸ ಮಾಡುವುದಿಲ್ಲ. ಆಗ ಎಣಿಸುವುದೇ ಇನ್ನೊಂದು ಹೊಸ ಕೆಲಸವಾಗುತ್ತದೆ. ವಾರದ ಮೊದಲ ದಿನದಿಂದ ದಿನಕ್ಕೆ ಎರಡು ಸಲ, ನಿಗದಿಯಾದ ಹೊತ್ತಿಗೆ ಕಟ್ಟಿಹಾಕಿ. ಶೆಟ್ರು ಬೆಳಿಗ್ಗೆ ಗಲ್ಲಾದ ಮುಂದಿನ ದೇವರ ಪಟಕ್ಕೆ ಊದುಬತ್ತಿ ಹಚ್ಚಿದ ಮೇಲೆ ಒಮ್ಮೆ, ಮಧ್ಯಾಹ್ನ ಅಭ್ಯಾಸದ ಸುತ್ತಿಗೆ ಮುಂಚೆ ಇನ್ನೊಮ್ಮೆ ಮಾಡುತ್ತಿದ್ದರು. ಎರಡನೆಯದು ಮುಖ್ಯ. ಮೂರು ನಿಮಿಷ ಉಸಿರು, ಕೂಡಲೇ ಪರೀಕ್ಷೆ ಎಂಬ ಜೋಡಿ ರೂಢಿಯಾದರೆ ಆರ್‌ಟಿಒದ ಬೆಂಚಿನ ಮೇಲೂ ಅದೇ ಕ್ರಮ ತಾನಾಗಿ ಬರುತ್ತದೆ.

ಮೂರನೆಯದು: 30 ಸೆಕೆಂಡನ್ನು ಹಂಚುವುದು

ಪ್ರಶ್ನೆ ಬಂದ ಕೂಡಲೇ ಉತ್ತರಗಳತ್ತ ಕಣ್ಣು ಹಾಯಿಸಬೇಡಿ. ಪ್ರಶ್ನೆಯನ್ನು ಪೂರ್ತಿ ಓದುತ್ತಾ ಉಸಿರು ಮೆಲ್ಲಗೆ ಬಿಡಿ, ಹತ್ತು ಸೆಕೆಂಡು. ಉತ್ತರಗಳನ್ನು ಎಲ್ಲವೂ ಓದಿ, ಇನ್ನು ಹತ್ತು. ಖಂಡಿತ ಅಲ್ಲ ಎನಿಸಿದ್ದನ್ನು ಬದಿಗಿಟ್ಟು ಉಳಿದದ್ದರಲ್ಲಿ ಒಂದನ್ನು ಒತ್ತಲು ಐದು. ಕೊನೆಯ ಐದು ಸೆಕೆಂಡು ಕೈಯಲ್ಲಿ ಉಳಿದಿರಲಿ. ಗಡಿಯಾರವನ್ನು ಒಂದೇ ಒಂದು ಸಲ, ಉತ್ತರಗಳನ್ನು ಓದಿ ಮುಗಿಸಿದ ಮೇಲೆ ನೋಡಿ. ಓದುವ ನಡುವೆ ನೋಡಿದರೆ ಓದಿದ ಸಾಲು ಮತ್ತೆ ಓದಬೇಕಾಗುತ್ತದೆ.

ಶೆಟ್ರ ಜೊತೆ ಕೂತು ಮಾಡಿದ ಮೂರು ಪ್ರಶ್ನೆಗಳನ್ನು ಬಿಡಿಸಿ ತೋರಿಸುತ್ತೇನೆ.

ಒಂದು ಚಿಹ್ನೆ. ನೀಲಿ ವೃತ್ತ, ಕೆಂಪು ಅಂಚು, ಮೇಲೆ ಓರೆಯಾಗಿ ಕೆಂಪು ಗೆರೆ. ನೋಡಿದ ಕೂಡಲೇ "ನೋ ಪಾರ್ಕಿಂಗ್" ಎಂದು ಕೈ ಹೋಗುತ್ತದೆ. ತಡೆಯಿರಿ, ಗೆರೆ ಎಷ್ಟು? ಒಂದೇ ಗೆರೆಯಾದರೆ ಪಾರ್ಕಿಂಗ್ ನಿಷೇಧ. ಎರಡು ಗೆರೆ ಗುಣಾಕಾರ ಚಿಹ್ನೆಯ ಹಾಗೆ ಒಂದನ್ನೊಂದು ಕತ್ತರಿಸಿದರೆ ನಿಲ್ಲಿಸುವುದೇ ನಿಷೇಧ. ಉತ್ತರಗಳಲ್ಲಿ ಎರಡೂ ಇರಬಹುದು. ಆತುರದವರು ಬೀಳುವುದು ಇಲ್ಲೇ. ಆಕಾರ, ಬಣ್ಣ, ಆಮೇಲೆ ಗೆರೆ ಎಂದು ಇದೇ ಕ್ರಮದಲ್ಲಿ ಕಣ್ಣು ಓಡಿಸುವುದನ್ನು ರೂಢಿಸಿಕೊಂಡರೆ ನಾಲ್ಕು ಸೆಕೆಂಡಿನ ಕೆಲಸ.

ಎರಡನೆಯದು: ಕಾವಲಿಲ್ಲದ ರೈಲ್ವೆ ಗೇಟಿನ ಹತ್ತಿರ ಬಂದಾಗ ಏನು ಮಾಡಬೇಕು? ಶೆಟ್ರು ನಕ್ಕರು, "ಮುಂಬಯಿಯಲ್ಲಿ ಅಂಥದ್ದು ಎಲ್ಲಿದೆ ಮಾಸ್ಟ್ರೆ?" ಮಾತು ಸರಿ. ಬ್ರಾಡ್‌ಗೇಜ್ ಮಾರ್ಗದಲ್ಲಿನ ಕಾವಲಿಲ್ಲದ ಗೇಟುಗಳನ್ನು ರೈಲ್ವೆ 2019ರ ಜನವರಿಯ ಹೊತ್ತಿಗೆ ತೆಗೆದುಹಾಕಿಯಾಗಿತ್ತು. ಆದರೆ ಈ ಪರೀಕ್ಷೆಯಲ್ಲಿ ಏನೇನು ಕೇಳಬೇಕೆಂದು ಅದೇ 11ನೇ ನಿಯಮ ಪಟ್ಟಿ ಕೊಟ್ಟಿದೆ: ಚಿಹ್ನೆ, ಸಿಗ್ನಲ್, ರಸ್ತೆ ನಿಯಮ, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ಗೇಟು ದಾಟುವಾಗಿನ ಎಚ್ಚರಿಕೆ, ಗಾಡಿಯಲ್ಲಿರಬೇಕಾದ ಕಾಗದಪತ್ರ. ಹಾಗಾಗಿ ಆ ಪ್ರಶ್ನೆ ಬರಬಹುದು. ಸರಿಯುತ್ತರ: ಗಾಡಿಯನ್ನು ರಸ್ತೆಯ ಎಡಬದಿಗೆ ನಿಲ್ಲಿಸಿ, ಇಳಿದು ಹಳಿಯ ತನಕ ಹೋಗಿ, ಎರಡೂ ಕಡೆಯಿಂದ ರೈಲು ಬರುತ್ತಿಲ್ಲವೆಂದು ಖಚಿತ ಮಾಡಿಕೊಳ್ಳುವುದು. "ಹಾರ್ನ್ ಹೊಡೆದು ಬೇಗ ದಾಟುವುದು" ಎಂಬಂಥ ಉತ್ತರವೂ ಅಲ್ಲೇ ಇದ್ದೀತು. ಕಾಣದ ಸಂಗತಿಯ ಬಗ್ಗೆ ಪ್ರಶ್ನೆ ಬಂದಾಗ ಮನಸ್ಸು ಬೆಚ್ಚುತ್ತದೆ, ಆ ಹೊತ್ತಿನಲ್ಲಿ ಉಸಿರು ಬಿಡುತ್ತಾ ಎರಡನೆಯ ಸಲ ಓದಿ. ಒಟ್ಟು 30ರಲ್ಲಿ ಅದಕ್ಕೆ ಜಾಗವಿದೆ.

ಮೂರನೆಯದು: ಕಡಿದಾದ ಏರಿನಲ್ಲಿ ಎದುರುಬದುರು ಗಾಡಿ ಬಂದರೆ ಯಾರಿಗೆ ದಾರಿ? ಮೇಲೆ ಹತ್ತುವ ಗಾಡಿಗೆ. ಖಂಡಾಲಾ ಘಾಟಿನಲ್ಲಿ ಬಸ್ಸಿನಲ್ಲಿ ಕೂತು ಹೋಗಿಬಂದವರಿಗೆ ಬೇರೆಯೇ ಚಿತ್ರ ಕಣ್ಣ ಮುಂದೆ ಬರುತ್ತದೆ, ದೊಡ್ಡ ಗಾಡಿಗೆ ದಾರಿ ಎಂದು. ಇಂಥದ್ದೇ ಇನ್ನೊಂದು ಮಿಣುಕುವ ಹಳದಿ ದೀಪ. ನಿಯಮ ಹೇಳುವುದು ವೇಗ ತಗ್ಗಿಸಿ ಎಚ್ಚರದಿಂದ ಹೋಗಿ ಎಂದು. ನಮ್ಮ ಸಾಯನ್ ಸರ್ಕಲ್ಲಿನಲ್ಲಿ ಹಳದಿ ಕಂಡರೆ ಜನ ಮಾಡುವುದು ಅದಕ್ಕೆ ತದ್ವಿರುದ್ಧ. ಗಾಬರಿಯಾದಾಗ ನಾಲಿಗೆಗೆ ಮೊದಲು ಬರುವುದು ದಿನವೂ ಕಣ್ಣಿಗೆ ಬೀಳುವ ಉತ್ತರ. ಆದ್ದರಿಂದ ನಿಯಮದ ಪ್ರಶ್ನೆಯಲ್ಲಿ ನಿಧಾನದ, ನಿಲ್ಲುವ, ದಾರಿ ಬಿಡುವ ಉತ್ತರ ಇದ್ದರೆ ಅದನ್ನು ಮತ್ತೊಮ್ಮೆ ಓದದೆ ಬೇರೆ ಒತ್ತಬೇಡಿ. ಯಾವಾಗಲೂ ಅದೇ ಸರಿ ಎಂದಲ್ಲ, ಹೆಚ್ಚಾಗಿ ಅದರ ಕಡೆಗೇ ವಾಲುತ್ತದೆ.

ಹಿಂದಿನ ದಿನ, ಆ ಬೆಳಿಗ್ಗೆ

ಹಿಂದಿನ ಸಂಜೆ ಒಂದೇ ಸುತ್ತು ಅಭ್ಯಾಸ, ಆಮೇಲೆ ಹೊಸ ಪ್ರಶ್ನೆ ನೋಡುವುದು ಬೇಡ. ಕಾಗದಪತ್ರ, ಅರ್ಜಿಯ ಪ್ರತಿ, ಶುಲ್ಕದ ರಸೀದಿ, ಸ್ಲಾಟಿನ ಚೀಟಿ ಒಂದು ಫೈಲಿಗೆ ಹಾಕಿ ಚಪ್ಪಲಿ ಬಿಡುವ ಜಾಗದ ಹತ್ತಿರ ಇಡಿ. ಓದುವ ಕನ್ನಡಕ ಅದರ ಮೇಲೆಯೇ ಇರಲಿ. ನಲವತ್ತು ದಾಟಿದವರು ಇದನ್ನು ಮರೆತು ಬಂದು, ಕಾಣದ್ದನ್ನೇ ಹೆದರಿಕೆ ಎಂದುಕೊಳ್ಳುತ್ತಾರೆ.

ಬೆಳಿಗ್ಗೆ ದಿನವೂ ತಿನ್ನುವುದನ್ನೇ ತಿನ್ನಿ. ಧೈರ್ಯಕ್ಕೆಂದು ಎರಡು ಕಾಫಿ ಹೆಚ್ಚು ಕುಡಿಯುವವರಿದ್ದಾರೆ. ಕೆಫೀನ್ ಎದೆಬಡಿತ, ಕೈ ನಡುಕ ಹೆಚ್ಚಿಸಬಹುದು, ಅದರ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ಆದರೆ ದಿನವೂ ಕುಡಿಯುವವರು ಅಂದು ಬಿಡುವುದೂ ಬೇಡ, ತಲೆನೋವು ಬರುತ್ತದೆ. ದಿನದಷ್ಟೇ ಕುಡಿಯಿರಿ.

ಶೆಟ್ರನ್ನು ಎರಡು ದಿನ ಮೊದಲೇ ಒಮ್ಮೆ ವಡಾಳಾಕ್ಕೆ ಕಳಿಸಿದ್ದೆ. ಗೇಟು ಎಲ್ಲಿ, ಪರೀಕ್ಷೆಯ ಕೋಣೆ ಎಲ್ಲಿ, ಶೌಚಾಲಯ ಎಲ್ಲಿ, ಚೆಂಬೂರಿನಿಂದ ಆಟೊದಲ್ಲಿ ಎಷ್ಟು ಹೊತ್ತು ಎಂದು ನೋಡಿಕೊಂಡು ಬಂದರು. ಪರೀಕ್ಷೆಯ ದಿನ ಅರ್ಧ ಗಂಟೆ ಮೊದಲು ಮುಟ್ಟಿದರು. ಎರಡು ಗಂಟೆ ಮೊದಲು ಹೋಗಬೇಡಿ. ಸಾಲಿನಲ್ಲಿ ನಿಂತವರು "ನನಗೆ ಆ ಪ್ರಶ್ನೆ ಬಂತು, ಈ ಪ್ರಶ್ನೆ ಬಂತು" ಎಂದು ಹೇಳುವುದನ್ನು ಕೇಳುತ್ತಾ ಕೂತರೆ ಮಾಡಿದ ತಯಾರಿ ಕರಗುತ್ತದೆ. ಹೆಸರು ಕರೆಯುವ ಮೊದಲು ಮೂರು ನಿಮಿಷದ ಉಸಿರು. ಕೈಯನ್ನು ಹೊಟ್ಟೆಯ ಮೇಲಿಡಲು ನಾಚಿಕೆಯಾದರೆ ಫೈಲನ್ನು ಹಿಡಿದುಕೊಳ್ಳಿ, ಯಾರಿಗೂ ಗೊತ್ತಾಗುವುದಿಲ್ಲ.

ಕಂಪ್ಯೂಟರಿನ ಎದುರು ಕೂತ ಮೇಲೆ ಕುರ್ಚಿ ಎಳೆದುಕೊಳ್ಳಿ, ಮೌಸನ್ನು ಒಮ್ಮೆ ಆಚೆ ಈಚೆ ಆಡಿಸಿ. ನೀವು ಆರಿಸಿದ ಭಾಷೆಯೇ ಬಂದಿದೆಯೇ, ಅಕ್ಷರ ಕಾಣುತ್ತದೆಯೇ ನೋಡಿ. ಇಲ್ಲದಿದ್ದರೆ ಶುರು ಮಾಡುವ ಗುಂಡಿ ಒತ್ತುವ ಮೊದಲೇ ಅಲ್ಲಿರುವ ಸಿಬ್ಬಂದಿಗೆ ಹೇಳಿ. ಸೆಕೆಂಡು ಇಳಿಯಲು ಶುರುವಾದ ಮೇಲೆ ಹೇಳಿ ಪ್ರಯೋಜನ ಕಡಿಮೆ.

ನಡುವೆ ತಲೆ ಖಾಲಿಯಾದರೆ? ಆ ಪ್ರಶ್ನೆಯನ್ನು ಹೋಗಲು ಬಿಡಿ. ಬೇಕೆಂದೇ ಬಿಟ್ಟು ಅಭ್ಯಾಸ ಮಾಡಿದ್ದೀರಲ್ಲ, ಹಾಗೇ. ಪಾದವನ್ನು ನೆಲಕ್ಕೆ ಒತ್ತಿ, ಉಳಿದ ಸೆಕೆಂಡುಗಳಲ್ಲಿ ಒಂದು ಉದ್ದ ಉಸಿರು ಬಿಡಿ, ಮುಂದಿನ ಪ್ರಶ್ನೆಯ ಮೊದಲ ಪದದ ಮೇಲೆ ಕಣ್ಣಿಡಿ. ಶೆಟ್ರಿಗೆ ಎರಡನೆಯ ಸಲವೂ ಆರನೆಯ ಪ್ರಶ್ನೆಯಲ್ಲಿ ಹೀಗಾಯಿತಂತೆ. ಬಿಟ್ಟರು. 15ರಲ್ಲಿ 12 ಬಂತು.

ಮನೆಯಿಂದಲೇ ಬರೆಯುವವರಿಗೆ

2021ರ ಜೂನಿನಿಂದ ಮಹಾರಾಷ್ಟ್ರದಲ್ಲಿ ಆಧಾರ್ ದೃಢೀಕರಣ ಮಾಡಿಕೊಂಡವರು ಮನೆಯಲ್ಲೇ ಈ ಪರೀಕ್ಷೆ ಬರೆಯಬಹುದು. ಮನೆಯಾದ್ದರಿಂದ ಹೆದರಿಕೆ ಇರುವುದಿಲ್ಲ ಎಂದುಕೊಂಡರೆ ತಪ್ಪು, ಅದು ಬೇರೆ ರೂಪದಲ್ಲಿ ಬರುತ್ತದೆ. ಇಂಟರ್ನೆಟ್ ಹೋದರೆ, ಕ್ಯಾಮೆರಾ ಮುಖ ಗುರುತಿಸದಿದ್ದರೆ ಎಂಬ ಚಿಂತೆ. ಯಾವ ಮೇಜು, ಯಾವ ಕುರ್ಚಿ, ಯಾವ ಹೊತ್ತು ಎಂದು ನಿರ್ಧರಿಸಿ ಅಭ್ಯಾಸವನ್ನೂ ಅಲ್ಲೇ ಮಾಡಿ. ಬೆಳಕು ಮುಖದ ಮೇಲೆ ಬೀಳಲಿ, ಕಿಟಕಿ ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗುತ್ತದೆ. ಪರೀಕ್ಷೆಗೆ ಮೊದಲು ರಸ್ತೆ ಸುರಕ್ಷತೆಯ ವಿಡಿಯೊ ನೋಡಬೇಕಾಗುತ್ತದೆ, ಅದರ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಕುಕ್ಕರ್ ಸೀಟಿ, ಬಾಗಿಲ ಗಂಟೆ, ಟಿವಿ ಆ ಹತ್ತು ನಿಮಿಷ ಬೇಡ ಎಂದು ಮನೆಯವರಿಗೆ ಹೇಳಿ, ಯಾರೂ ಪಕ್ಕದಲ್ಲಿ ನಿಂತು ಉತ್ತರ ಹೇಳುವುದೂ ಬೇಡ. ಪಿಸುಗುಟ್ಟುವ ಗಂಡ ಅಥವಾ ಮಗನಿಂದ ಗಾಬರಿ ಹೆಚ್ಚಾದದ್ದೇ ಹೊರತು ಕಡಿಮೆಯಾದದ್ದು ಕಂಡಿಲ್ಲ. ನಿಮ್ಮ ಬದಲು ತಾವೇ ಬರೆದುಕೊಡುತ್ತೇವೆ ಎನ್ನುವ ಏಜೆಂಟರನ್ನು ಮನೆಯೊಳಗೆ ಸೇರಿಸಬೇಡಿ. ಅದು ಅಪರಾಧ, ಮೇಲಾಗಿ ಚಿಹ್ನೆ ಗೊತ್ತಿಲ್ಲದೆ ರಸ್ತೆಗೆ ಇಳಿಯುವವರು ನೀವೇ.

ಇಷ್ಟಾದರೂ ಆಗದಿದ್ದರೆ

ಮರುಪರೀಕ್ಷೆಗೆ ಕೇಂದ್ರ ನಿಯಮದ ಪ್ರಕಾರ ಶುಲ್ಕ 50 ರೂಪಾಯಿ. ಫೇಲಾದ ದಿನವೇ, ನೆನಪು ಹಸಿಯಿರುವಾಗ, ಎಲ್ಲಿ ತಪ್ಪಿತೆಂದು ಬರೆದಿಡಿ. ಉತ್ತರ ಗೊತ್ತಿಲ್ಲದ್ದು ಎಷ್ಟು, ಸಮಯ ಮೀರಿದ್ದು ಎಷ್ಟು, ತಪ್ಪಾಗಿ ಓದಿದ್ದು ಎಷ್ಟು ಎಂದು ಮೂರು ಸಾಲು. ಗೊತ್ತಿಲ್ಲದ್ದೇ ಹೆಚ್ಚಿದ್ದರೆ ಉಸಿರಿನ ಅಭ್ಯಾಸ ಏನೂ ಮಾಡದು, ಪುಸ್ತಕವೇ ಓದಬೇಕು.

ಪರೀಕ್ಷೆಯ ಮಾತೆತ್ತಿದರೇ ರಾತ್ರಿಗಳ ನಿದ್ದೆ ಹೋಗುವುದು, ಉಸಿರು ಕಟ್ಟಿ ಸಾಯುತ್ತೇನೆ ಎನಿಸುವಷ್ಟು ಗಾಬರಿ ಬೇರೆ ಬೇರೆ ಸಂದರ್ಭಗಳಲ್ಲೂ ಬರುವುದು ಇದ್ದರೆ ವೈದ್ಯರನ್ನು ಕಾಣಿ. ಎದೆ ಬಡಿತ ತಗ್ಗಿಸುತ್ತದೆ ಎಂದು ಯಾರೋ ಕೊಟ್ಟ ಪ್ರೊಪ್ರನೊಲಾಲ್ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ಆಸ್ತಮಾ ಇರುವವರಿಗೆ ಅದು ಅಪಾಯಕಾರಿ.

ಲರ್ನಿಂಗ್ ಲೈಸೆನ್ಸ್ ಕೈಗೆ ಬಂದ ಮೇಲೆ ಅದಕ್ಕೆ 6 ತಿಂಗಳ ಆಯಸ್ಸು, 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಟೆಸ್ಟ್ ಕೊಡಬಹುದು. ಅಲ್ಲಿಯೂ ನಾಲ್ಕು-ಆರರ ಉಸಿರು ಉಪಯೋಗಕ್ಕೆ ಬರುತ್ತದೆ, ಆದರೆ ಗಾಡಿ ನಿಂತಿರುವಾಗ, ಬೀಗದ ಕೈ ತಿರುಗಿಸುವ ಮೊದಲು. ಗಾಡಿ ಚಲಿಸುವಾಗ ಎಣಿಸುತ್ತಾ ಕೂರಬೇಡಿ.